ಹಳೆಯ ತಿದ್ದುಪಡಿ ತಡವಾಗಿ ಬಂದಾಗ: ಆಫ್‌ಲೈನ್ ಆ್ಯಪ್‌ನ ಸಿಂಕ್ ಟೆಸ್ಟ್

ಯಂತ್ರಗಳ ರಿಪೇರಿ ಮಾಡುವವರು ಬಳಸುವ ಒಂದು ಮೊಬೈಲ್ ಆ್ಯಪ್ ಅನ್ನು ನಾನು ಟೆಸ್ಟ್ ಮಾಡುತ್ತೇನೆ. ಪಂಪ್ ಮನೆ, ನೆಲಮಾಳಿಗೆ, ಹೀಗೆ ಸಿಗ್ನಲ್ ಸಿಗದ ಕಡೆಯೇ ಅವರ ಕೆಲಸ ಜಾಸ್ತಿ. ಹಾಗಾಗಿ ಆ್ಯಪ್ ಎಲ್ಲವನ್ನೂ ಮೊದಲು ಫೋನಿನಲ್ಲೇ ಉಳಿಸಿಕೊಳ್ಳುತ್ತದೆ. ನೆಟ್‌ವರ್ಕ್ ಸಿಕ್ಕಾಗ ಸರ್ವರ್‌ಗೆ ಕಳಿಸುತ್ತದೆ, ಸರ್ವರ್‌ನಲ್ಲಿ ಹೊಸದೇನಾದರೂ ಇದ್ದರೆ ತರುತ್ತದೆ. ಇಬ್ಬರು ಒಂದೇ ಪಂಪಿನ ರೆಕಾರ್ಡ್ ಅನ್ನು ಆಫ್‌ಲೈನ್‌ನಲ್ಲಿ ತಿದ್ದಿದರೆ ಏನಾಗುತ್ತದೆ ಎನ್ನುವುದೇ ಇಲ್ಲಿ ಕಷ್ಟದ ಪ್ರಶ್ನೆ.

ನಮ್ಮ ಆ್ಯಪ್‌ನ ನಿಯಮ ಹೀಗಿದೆ. ಪ್ರತಿ ರೆಕಾರ್ಡ್‌ಗೂ ಒಂದು ರಿವಿಷನ್ ನಂಬರ್ ಇರುತ್ತದೆ. ಫೋನ್ ತನ್ನ ತಿದ್ದುಪಡಿ ಕಳಿಸುವಾಗ, ಯಾವ ರಿವಿಷನ್ ನೋಡಿ ತಿದ್ದಿದ್ದು ಎಂದೂ ಹೇಳುತ್ತದೆ. ಸರ್ವರ್‌ನಲ್ಲಿ ಅದೇ ರಿವಿಷನ್ ಇದ್ದರೆ ನೇರವಾಗಿ ಉಳಿಸುತ್ತದೆ. ಅಷ್ಟರಲ್ಲಿ ಬೇರೆಯವರ ತಿದ್ದುಪಡಿ ಬಂದಿದ್ದರೆ ಮೂರನ್ನು ಪಕ್ಕಪಕ್ಕ ಇಟ್ಟು ಹೋಲಿಸುತ್ತದೆ: ಇಬ್ಬರೂ ನೋಡಿದ್ದ ಮೂಲ ಪ್ರತಿ, ಈಗ ಸರ್ವರ್‌ನಲ್ಲಿರುವ ಪ್ರತಿ, ಈಗ ಬಂದ ಪ್ರತಿ. ಬೇರೆ ಬೇರೆ ಫೀಲ್ಡ್ ಬದಲಾಗಿದ್ದರೆ ಎರಡನ್ನೂ ಸೇರಿಸುತ್ತದೆ. ಒಂದೇ ಫೀಲ್ಡ್ ಬದಲಾಗಿದ್ದರೆ ಮಾತ್ರ ಫೋನಿನಲ್ಲಿ ಕಾನ್ಫ್ಲಿಕ್ಟ್ ಸ್ಕ್ರೀನ್ ತೋರಿಸಿ, ಯಾವುದು ಬೇಕು ಎಂದು ಕೇಳುತ್ತದೆ.

ಇದನ್ನು ಟೆಸ್ಟ್ ಮಾಡಿ ಎಂದರೆ ಹೆಚ್ಚಿನವರು ಮಾಡುವುದು ಒಂದೇ. ಎರಡು ಫೋನ್ ತೆಗೆದುಕೊಳ್ಳುತ್ತಾರೆ, ಎರಡನ್ನೂ ಏರೋಪ್ಲೇನ್ ಮೋಡ್‌ಗೆ ಹಾಕುತ್ತಾರೆ. ಮೊದಲ ಫೋನಿನಲ್ಲಿ ತಿದ್ದುತ್ತಾರೆ, ಆಮೇಲೆ ಎರಡನೆಯದರಲ್ಲಿ. ನಂತರ ಮೊದಲ ಫೋನನ್ನು ಆನ್‌ಲೈನ್‌ಗೆ ತರುತ್ತಾರೆ, ಆಮೇಲೆ ಎರಡನೆಯದನ್ನು. ಎರಡನೆಯ ಫೋನಿನಲ್ಲಿ ಎರಡೂ ತಿದ್ದುಪಡಿ ಕಂಡರೆ ಪಾಸ್. ಇಲ್ಲಿ ಒಂದು ವಿಷಯ ಗಮನಿಸಿ. ತಿದ್ದಿದ ಕ್ರಮವೂ ಸಿಂಕ್ ಆದ ಕ್ರಮವೂ ಒಂದೇ ಆಗಿಬಿಟ್ಟಿದೆ. ಕೈ ಸಹಜವಾಗಿ ಹಾಗೇ ಹೋಗುತ್ತದೆ. ಆದರೆ ನಿಜವಾದ ಕೆಲಸದಲ್ಲಿ ಮೊದಲು ತಿದ್ದಿದವರೇ ಮೊದಲು ಸಿಗ್ನಲ್ ಇರುವ ಕಡೆ ಬರಬೇಕು ಎಂದೇನಿಲ್ಲ, ಅಲ್ವಾ?

ಈ ಕ್ರಮವನ್ನು ಅಡ್ಡ ಹಾಕಿದಾಗ ಸಿಕ್ಕ ಬಗ್ ಅನ್ನೇ ವಿವರವಾಗಿ ಹೇಳುತ್ತೇನೆ. ಎರಡು ಫೋನನ್ನು ಎ ಮತ್ತು ಬಿ ಎನ್ನೋಣ. ಪಂಪಿನ ರೆಕಾರ್ಡ್ ರಿವಿಷನ್ 7ರಲ್ಲಿದೆ. ಸ್ಥಿತಿ ‘ನಿಂತಿದೆ’, ಮೀಟರ್ 1450, ಟಿಪ್ಪಣಿ ಖಾಲಿ. ಇಬ್ಬರ ಫೋನಿನಲ್ಲೂ ಇದೇ ಪ್ರತಿ ಇದೆ, ಇಬ್ಬರೂ ಆಫ್‌ಲೈನ್. 10:05ಕ್ಕೆ ಬಿ ಟಿಪ್ಪಣಿ ಬರೆಯುತ್ತಾರೆ: ‘ವಾಲ್ವ್ ಸೋರುತ್ತಿದೆ, ಚಾಲೂ ಮಾಡಬೇಡಿ.’ 10:20ಕ್ಕೆ ಎ ಮೀಟರ್ ಅನ್ನು 1452 ಮಾಡಿ, ಸ್ಥಿತಿಯನ್ನು ‘ಓಡುತ್ತಿದೆ’ ಎಂದು ಬದಲಿಸುತ್ತಾರೆ. 10:30ಕ್ಕೆ ಎ ಸಿಂಕ್ ಆಗುತ್ತಾರೆ, ಸರ್ವರ್‌ನಲ್ಲಿ ರಿವಿಷನ್ 8 ಆಗುತ್ತದೆ. 10:40ಕ್ಕೆ ಬಿ ಸಿಂಕ್ ಆಗುತ್ತಾರೆ. ಬದಲಾದ ಫೀಲ್ಡ್‌ಗಳು ಬೇರೆ ಬೇರೆ, ಆದ್ದರಿಂದ ಸರ್ವರ್ ಎರಡನ್ನೂ ಸೇರಿಸಿ ರಿವಿಷನ್ 9 ಮಾಡುತ್ತದೆ, ಬಿ ಫೋನಿಗೂ ಅದನ್ನೇ ಕೊಡುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ.

10:45ಕ್ಕೆ ಎ ಮತ್ತೆ ಸಿಂಕ್ ಮಾಡುತ್ತಾರೆ. ರಿವಿಷನ್ 9 ಬರಬೇಕು. ಬರುವುದಿಲ್ಲ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ‘ಸಿಂಕ್ ಆಗಿದೆ’ ಎಂಬ ಹಸಿರು ಗುರುತೂ ಇದೆ. ಎ ಫೋನಿನಲ್ಲಿ ಟಿಪ್ಪಣಿ ಮಾತ್ರ ಖಾಲಿ.

ಕಾರಣ `updated_at` ಎಂಬ ಫೀಲ್ಡ್‌ನಲ್ಲಿತ್ತು. ಹೊಸದನ್ನು ತರುವಾಗ ಫೋನ್ ತಾನು ಇದುವರೆಗೆ ಕಂಡ ಅತಿ ದೊಡ್ಡ `updated_at` ಹೇಳಿ, ಅದರ ನಂತರದ್ದನ್ನು ಕೊಡು ಎಂದು ಕೇಳುತ್ತಿತ್ತು. ಆದರೆ ಆ ಫೀಲ್ಡ್‌ಗೆ ಬೀಳುತ್ತಿದ್ದದ್ದು ಫೋನಿನಲ್ಲಿ ತಿದ್ದಿದ ಸಮಯ, ಸರ್ವರ್ ಉಳಿಸಿದ ಸಮಯವಲ್ಲ. ಎ ಕಂಡದ್ದು 10:20. ರಿವಿಷನ್ 9ರ ಮೇಲೆ ಇದ್ದದ್ದು ಬಿ ತಿದ್ದಿದ ಸಮಯ, 10:05. ಸರ್ವರ್ ಪ್ರಕಾರ 10:20ರ ನಂತರ ಏನೂ ಬದಲಾಗಿಲ್ಲ. ಅದೇ ಬಿ ಮೊದಲು ಸಿಂಕ್ ಆಗಿದ್ದರೆ ಬಿ ಕಂಡದ್ದು 10:05, ಆಮೇಲೆ ಬರುವುದು 10:20. ಆಗ ಎಲ್ಲವೂ ಸರಿಯಾಗಿ ಬರುತ್ತದೆ. ಕೈಯಲ್ಲಿ ಮಾಡಿದ ಟೆಸ್ಟ್ ಯಾವಾಗಲೂ ಪಾಸ್ ಆಗುತ್ತಿದ್ದದ್ದು ಇದಕ್ಕೇ. ಒಂದು ಫೋನಿನ ಗಡಿಯಾರ ಹಿಂದಿದ್ದರೂ ಇದೇ ಬಗ್ ಬರುತ್ತದೆ, ಆಗ ಕ್ರಮ ಅಡ್ಡ ಹಾಕುವುದೂ ಬೇಡ.

ಬಳಕೆದಾರರಿಂದ ಇದರ ದೂರು ಬರುವುದು ಬೇರೆ ರೂಪದಲ್ಲಿ. ಎ ಮರುದಿನ ಅದೇ ರೆಕಾರ್ಡ್ ತಿದ್ದುತ್ತಾರೆ. ಅವರ ಫೋನ್ ಇನ್ನೂ ರಿವಿಷನ್ 8 ಎನ್ನುತ್ತದೆ, ಸರ್ವರ್ 9ರಲ್ಲಿದೆ. ಟಿಪ್ಪಣಿಯನ್ನೇನಾದರೂ ಮುಟ್ಟಿದರೆ, ಇವತ್ತು ಬೇರೆ ಯಾರೂ ತಿದ್ದದ ರೆಕಾರ್ಡ್ ಮೇಲೆ ಕಾನ್ಫ್ಲಿಕ್ಟ್ ಸ್ಕ್ರೀನ್ ಬರುತ್ತದೆ. ‘ಸುಮ್ನೆ ಕಾನ್ಫ್ಲಿಕ್ಟ್ ತೋರಿಸುತ್ತಿದೆ’ ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಆ ಸ್ಕ್ರೀನ್ ಅಲ್ಲ, ಹಿಂದಿನ ಸಿಂಕ್‌ನಲ್ಲಿ ಆ ಫೋನಿಗೆ ಯಾವ ರಿವಿಷನ್ ತಲುಪಲಿಲ್ಲ ಎಂಬುದನ್ನು.

ಈಗ ನಮ್ಮಲ್ಲಿ ಇದಕ್ಕೆ ಒಂದು ಟೆಸ್ಟ್ ಇದೆ. ಎರಡು ಫೋನ್, ಒಂದು ಸರ್ವರ್, ಮೂರೂ ಒಂದೇ ಪ್ರೋಗ್ರಾಂ ಒಳಗೆ ಓಡುತ್ತವೆ. ಫೋನಿನ ಗಡಿಯಾರವನ್ನು ಟೆಸ್ಟ್ ತಾನೇ ಇಡುತ್ತದೆ.

```kotlin
@Test
fun olderEditSyncedLater() {
    clockB.set("10:05")
    b.edit(id, note = "ವಾಲ್ವ್ ಸೋರುತ್ತಿದೆ")
    clockA.set("10:20")
    a.edit(id, meter = 1452)

    a.sync(); b.sync(); a.sync()

    assertEquals(server.get(id), a.get(id))
    assertEquals(server.get(id), b.get(id))

    val rev = server.get(id).rev
    a.sync(); b.sync()
    assertEquals(rev, server.get(id).rev)
}
```

ಎರಡನೆಯ `a.sync()` ಇಲ್ಲದಿದ್ದರೆ ಈ ಟೆಸ್ಟ್‌ಗೆ ಅರ್ಥವೇ ಇಲ್ಲ. ಮೊದಲು ಸಿಂಕ್ ಆದ ಫೋನಿಗೆ ನಂತರದವರ ತಿದ್ದುಪಡಿ ತಲುಪಬೇಕಾದರೆ ಅದು ಇನ್ನೊಂದು ಸುತ್ತು ಬರಲೇಬೇಕು. ಆಮೇಲೆ ಮೂರೂ ಪ್ರತಿಗಳನ್ನು ಪೂರ್ತಿಯಾಗಿ ಹೋಲಿಸುತ್ತೇವೆ. ಒಂದು ಫೀಲ್ಡ್ ನೋಡಿ ಬಿಡುವುದಿಲ್ಲ. ಕೊನೆಯ ಮೂರು ಸಾಲು ಬೇರೊಂದು ಬಗ್‌ಗಾಗಿ. ಸರ್ವರ್‌ನಿಂದ ಬಂದ ಮರ್ಜ್ ಆದ ಪ್ರತಿಯನ್ನು ಫೋನ್ ತನ್ನದೇ ಹೊಸ ತಿದ್ದುಪಡಿ ಎಂದುಕೊಂಡು ವಾಪಸ್ ಕಳಿಸಿದರೆ, ಇಬ್ಬರೂ ಸುಮ್ಮನಿದ್ದರೂ ರಿವಿಷನ್ ಏರುತ್ತಲೇ ಹೋಗುತ್ತದೆ. ಯಾರೂ ಏನೂ ಮಾಡದಿದ್ದಾಗ ನಂಬರ್ ಬದಲಾಗಬಾರದು.

ಈ ಟೆಸ್ಟ್ ಅನ್ನು ನಾಲ್ಕು ರೀತಿಯಲ್ಲಿ ಓಡಿಸುತ್ತೇವೆ: ತಿದ್ದಿದ ಕ್ರಮ ಎರಡು, ಸಿಂಕ್ ಕ್ರಮ ಎರಡು. ನಾಲ್ಕರಲ್ಲೂ ರಿವಿಷನ್ ಬಿಟ್ಟು ಉಳಿದ ವಿಷಯ ಒಂದೇ ಬರಬೇಕು. ಬರದಿದ್ದರೆ, ಯಾರಿಗೆ ಮೊದಲು ಸಿಗ್ನಲ್ ಸಿಕ್ಕಿತು ಎಂಬುದು ರೆಕಾರ್ಡ್‌ನಲ್ಲಿ ಏನಿರಬೇಕು ಎಂದು ತೀರ್ಮಾನಿಸುತ್ತಿದೆ ಎಂದರ್ಥ.

ಸರಿಪಡಿಸಿದ್ದು ಹೀಗೆ. ಸರ್ವರ್ ಪ್ರತಿ ಸಲ ಉಳಿಸುವಾಗ ಏರುತ್ತಾ ಹೋಗುವ ಒಂದು ಕ್ರಮಸಂಖ್ಯೆ ಕೊಡುತ್ತದೆ. ಫೋನ್ ಆ ಸಂಖ್ಯೆಯಿಂದಲೇ ಹೊಸದನ್ನು ಕೇಳುತ್ತದೆ. ತಿದ್ದಿದ ಸಮಯ ಜನ ಓದುವುದಕ್ಕೆ ಮಾತ್ರ. ಇದರಲ್ಲೂ ಒಂದು ಸಣ್ಣ ಸಂದು ಇದೆ. ಸರ್ವರ್‌ನಲ್ಲಿ ಎರಡು ತಿದ್ದುಪಡಿ ಉಳಿಸುವ ಕೆಲಸ ಒಟ್ಟಿಗೆ ನಡೆದು, ಕ್ರಮಸಂಖ್ಯೆ 42 ಪಡೆದದ್ದು ಮೊದಲು ಮುಗಿದು 41 ಆಮೇಲೆ ಮುಗಿದರೆ, ನಡುವೆ ಕೇಳಿದ ಫೋನಿಗೆ 41 ಎಂದೂ ಸಿಗುವುದಿಲ್ಲ. ಹಿಂದಿನವೆಲ್ಲ ಮುಗಿದಿರುವ ಸಂಖ್ಯೆಯವರೆಗೆ ಮಾತ್ರ ಸರ್ವರ್ ಕೊಡಬೇಕು.

ಈಗ ಮೂರೂ ಪ್ರತಿ ಒಂದೇ ಆಗಿದೆ. ಆದರೆ ಆ ರೆಕಾರ್ಡ್ ಅನ್ನು ಒಮ್ಮೆ ಓದಿ ನೋಡಿ. ಸ್ಥಿತಿ: ಓಡುತ್ತಿದೆ. ಟಿಪ್ಪಣಿ: ವಾಲ್ವ್ ಸೋರುತ್ತಿದೆ, ಚಾಲೂ ಮಾಡಬೇಡಿ. ಇದನ್ನು ಎ ಬರೆದಿಲ್ಲ, ಬಿ ಬರೆದಿಲ್ಲ. ಸೋರಿಕೆ ಇದೆ ಎಂದು ಗೊತ್ತಿದ್ದರೆ ಎ ಪಂಪ್ ಚಾಲೂ ಮಾಡುತ್ತಲೇ ಇರಲಿಲ್ಲ. ಫೀಲ್ಡ್ ಬೇರೆ ಬೇರೆ, ಹಾಗಾಗಿ ಸಾಫ್ಟ್‌ವೇರ್ ಕಣ್ಣಿಗೆ ಕಾನ್ಫ್ಲಿಕ್ಟ್ ಇಲ್ಲ. ನನಗೆ ಅತಿ ಹೆಚ್ಚು ಚಿಂತೆ ಹುಟ್ಟಿಸುವ ಬಗೆ ಇದೇ, ಏಕೆಂದರೆ ಮೇಲಿನ ಟೆಸ್ಟ್‌ಗಳೆಲ್ಲ ಇದರ ಮೇಲೆ ಪಾಸ್ ಆಗುತ್ತವೆ.

ಇದಕ್ಕೆ ಉತ್ತರ ಕೋಡ್‌ನಲ್ಲಿ ಸಿಗುವುದಿಲ್ಲ. ರಿಪೇರಿ ಮಾಡುವವರ ಜೊತೆ ಕೂತು, ಯಾವ ಫೀಲ್ಡ್‌ಗಳನ್ನು ಒಟ್ಟಿಗೆ ಓದಿದರೆ ಮಾತ್ರ ಅರ್ಥ ಬರುತ್ತದೆ ಎಂದು ಕೇಳಬೇಕು. ನಾವು ಸ್ಥಿತಿ ಮತ್ತು ಟಿಪ್ಪಣಿಯನ್ನು ಒಂದು ಗುಂಪು ಮಾಡಿದೆವು. ಅಳತೆ ಮತ್ತು ಅದರ ಯೂನಿಟ್ ಇನ್ನೊಂದು ಗುಂಪು. ಒಬ್ಬರು 5 ಅನ್ನು 6 ಮಾಡಿ, ಇನ್ನೊಬ್ಬರು ಲೀಟರ್ ಅನ್ನು ಮಿಲಿಲೀಟರ್ ಮಾಡಿದರೆ ಏನಾಗುತ್ತದೆ ಎಂದು ಯೋಚಿಸಿ. ಗುಂಪಿನ ಒಂದು ಫೀಲ್ಡ್ ಅನ್ನು ಒಬ್ಬರು, ಮತ್ತೊಂದನ್ನು ಇನ್ನೊಬ್ಬರು ಬದಲಿಸಿದರೆ ಈಗ ಕಾನ್ಫ್ಲಿಕ್ಟ್ ಸ್ಕ್ರೀನ್ ಬರಲೇಬೇಕು. ಗುಂಪುಗಳನ್ನು ದೊಡ್ಡದು ಮಾಡಲೂ ಬಾರದು. ಮೀಟರ್ ಅನ್ನೂ ಸ್ಥಿತಿ ಮತ್ತು ಟಿಪ್ಪಣಿಯ ಗುಂಪಿಗೆ ಹಾಕಿದರೆ ದಿನವಿಡೀ ಆ ಸ್ಕ್ರೀನ್ ಬರುತ್ತದೆ, ಜನ ಓದದೆಯೇ ಒತ್ತಲು ಶುರು ಮಾಡುತ್ತಾರೆ.

ಇನ್ನೊಂದನ್ನು ಬಿಡಬಾರದು: ಕಳಿಸಿದ್ದು ತಲುಪಿದೆ, ಉತ್ತರ ಮಾತ್ರ ತಲುಪಿಲ್ಲ. ಸರ್ವರ್ ಉಳಿಸಿ ರಿವಿಷನ್ 8 ಮಾಡಿತು, ಅಷ್ಟರಲ್ಲಿ ಸಿಗ್ನಲ್ ಹೋಯಿತು. ಬಳಕೆದಾರರು ಅದೇ ಫೀಲ್ಡ್ ಅನ್ನು ಮತ್ತೆ ತಿದ್ದುತ್ತಾರೆ. ಫೋನ್ ರಿವಿಷನ್ 7ರ ಆಧಾರದ ಮೇಲೆ ಮತ್ತೆ ಕಳಿಸುತ್ತದೆ. ಈಗ ಅವರು ತಮ್ಮದೇ ಹಿಂದಿನ ತಿದ್ದುಪಡಿಯ ಜೊತೆ ಕಾನ್ಫ್ಲಿಕ್ಟ್‌ಗೆ ಬೀಳುತ್ತಾರೆ. ಪ್ರತಿ ತಿದ್ದುಪಡಿಗೂ ಫೋನಿನಲ್ಲೇ ಒಂದು ಗುರುತು ಕೊಟ್ಟು, ಉತ್ತರ ಬರದಿದ್ದ ತಿದ್ದುಪಡಿಯನ್ನು ಹೊಸದರಲ್ಲಿ ಬೆರೆಸದೆ ಅದೇ ಗುರುತಿನಲ್ಲಿ ಮೊದಲು ಕಳಿಸಬೇಕು. ಸರ್ವರ್ ಆ ಗುರುತನ್ನು ಮೊದಲೇ ಕಂಡಿದ್ದರೆ ಮತ್ತೆ ಉಳಿಸದೆ ಹಳೆಯ ಉತ್ತರವನ್ನೇ ಕೊಡುತ್ತದೆ. ಏರೋಪ್ಲೇನ್ ಮೋಡ್‌ನಿಂದ ಈ ಗಳಿಗೆಯನ್ನು ಹಿಡಿಯುವುದು ಅದೃಷ್ಟದ ಮಾತು. ವಿನಂತಿಯನ್ನು ಸರ್ವರ್‌ಗೆ ಮುಟ್ಟಿಸಿ ಉತ್ತರವನ್ನು ಮಾತ್ರ ಎಸೆದುಬಿಡುವ ಪುಟ್ಟ ಪ್ರಾಕ್ಸಿಯನ್ನು ಮಧ್ಯೆ ಇಡಿ. ಆಗ ಪ್ರತಿ ಸಲವೂ ಸಿಗುತ್ತದೆ.

ಒಬ್ಬರು ಅಳಿಸಿ ಇನ್ನೊಬ್ಬರು ತಿದ್ದಿದಾಗಲೂ ಅದೇ ನಾಲ್ಕು ಕ್ರಮಗಳ ಟೆಸ್ಟ್ ಸಾಕು. ಆದರೆ ಅಳಿಸಿದ್ದನ್ನು ಸರ್ವರ್ ‘ಅಳಿಸಲಾಗಿದೆ’ ಎಂಬ ಗುರುತಾಗಿ ಉಳಿಸಿಕೊಂಡಿರಬೇಕು. ಆ ಗುರುತುಗಳನ್ನು 30 ದಿನಕ್ಕೆ ಸ್ವಚ್ಛ ಮಾಡುವ ವ್ಯವಸ್ಥೆ ಇದ್ದರೆ, 31 ದಿನ ಆಫ್‌ಲೈನ್ ಇದ್ದ ಫೋನನ್ನೂ ಟೆಸ್ಟ್‌ಗೆ ಸೇರಿಸಿ. ಅಳಿಸಿದ ಪಂಪ್ ಆ ಫೋನಿನಿಂದ ಮತ್ತೆ ಎದ್ದು ಬರುತ್ತದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ.

ನಿಜವಾದ ಫೋನಿನಲ್ಲಿ ನಾನು ಈಗಲೂ ಕೈಯಿಂದ ನೋಡುವುದು ಕಾನ್ಫ್ಲಿಕ್ಟ್ ಸ್ಕ್ರೀನ್ ಒಂದನ್ನೇ. ಆಂಡ್ರಾಯ್ಡ್ 11 ಮತ್ತು ನಂತರದ ಫೋನುಗಳಲ್ಲಿ ಏರೋಪ್ಲೇನ್ ಮೋಡ್ ಹಾಕಿ ತೆಗೆಯಲು ಕಮಾಂಡ್ ಸಾಕು:

```
adb shell cmd connectivity airplane-mode enable
adb shell cmd connectivity airplane-mode disable
```

ಸ್ಕ್ರೀನ್ ತೆರೆದಿರುವಾಗಲೇ ಇನ್ನೊಂದು ಫೋನಿನಿಂದ ಅದೇ ರೆಕಾರ್ಡ್‌ಗೆ ಮತ್ತೊಂದು ತಿದ್ದುಪಡಿ ಕಳಿಸಿ, ಆಮೇಲೆ ಮೊದಲ ಫೋನಿನಲ್ಲಿ ‘ನನ್ನದೇ ಇರಲಿ’ ಒತ್ತುತ್ತೇನೆ. ಆ ಒತ್ತಿದ್ದು ಸ್ಕ್ರೀನಿನಲ್ಲಿ ಕಂಡ ಪ್ರತಿಗೆ ಕೊಟ್ಟ ಉತ್ತರ. ಕಾಣದ ಮೂರನೆಯ ತಿದ್ದುಪಡಿಯನ್ನು ಅದು ಅಳಿಸಬಾರದು. ಸರ್ವರ್ ಅದನ್ನು ಒಪ್ಪದೆ ಸ್ಕ್ರೀನ್ ಅನ್ನು ಹೊಸ ಪ್ರತಿಯೊಂದಿಗೆ ಮತ್ತೆ ತೋರಿಸಬೇಕು, ಬಳಕೆದಾರರು ಟೈಪ್ ಮಾಡಿದ್ದು ಹಾಗೇ ಉಳಿದಿರಬೇಕು.