ಅವರು ‘ಕೊಡಲ್ಲ’ ಅಂದರು, ನಾವು ‘ಕೊಡಲೇಬೇಕು’ ಅಂದೆವು

ನಾನು ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಂಪನಿಗೆ 12 ಪ್ಯಾಕಿಂಗ್ ಮೆಷಿನ್‌ಗಳ ಆರ್ಡರ್ ಕೊಟ್ಟಿದ್ದೆವು. ಸೆಪ್ಟೆಂಬರ್ 30ರೊಳಗೆ ಅವರು ಮಾಲು ಕಳಿಸಬೇಕು. ಅದಕ್ಕೂ ಮುಂಚೆ, ಆಗಸ್ಟ್ 31ರೊಳಗೆ, ನಾವು ಬ್ಯಾಂಕಿನಲ್ಲಿ ಲೆಟರ್ ಆಫ್ ಕ್ರೆಡಿಟ್, ಅಂದರೆ ಮಾಲು ಕಳಿಸಿದ ದಾಖಲೆ ತೋರಿಸಿದರೆ ಬ್ಯಾಂಕೇ ಅವರಿಗೆ ಹಣ ಕೊಡುತ್ತದೆ ಎಂಬ ಖಾತರಿ ಪತ್ರ, ತೆರೆಯಬೇಕು. ಆ ದಿನ ತಪ್ಪಿದರೆ ಆರ್ಡರ್ ರದ್ದು ಮಾಡುವ ಹಕ್ಕು ಅವರಿಗೆ ಇತ್ತು.

ಆಗಸ್ಟ್ 4ಕ್ಕೆ ಅವರಿಂದ ಮೇಲ್ ಬಂತು. ಈ ರೇಟಿಗೆ ಮಾಲು ಕಳಿಸುವುದಿಲ್ಲ, ಶೇ. 20 ಜಾಸ್ತಿ ಕೊಡದಿದ್ದರೆ ಮೆಷಿನ್‌ಗಳನ್ನು ಬೇರೆಯವರಿಗೆ ಮಾರುತ್ತೇವೆ ಅಂತ. ನನಗೆ ಸಿಟ್ಟು ಬಂತು. ಎರಡು ದಿನ ಬಿಟ್ಟು ಉತ್ತರ ಬರೆದೆ: “ಒಪ್ಪಂದ ಜಾರಿಯಲ್ಲಿದೆ. ಸೆಪ್ಟೆಂಬರ್ 30ರೊಳಗೆ ಮಾಲು ಬರಲೇಬೇಕು.”

ತಿಂಗಳ ಕೊನೆಗೆ ಅಕೌಂಟ್ಸ್‌ನವರು ಲೆಟರ್ ಆಫ್ ಕ್ರೆಡಿಟ್ ತೆರೆಯೋಣವಾ ಎಂದು ಕೇಳಿದರು. ಕೊಡುವುದಿಲ್ಲ ಅಂದವರಿಗೆ ಯಾಕೆ ತೆರೆಯಬೇಕು, ಸ್ವಲ್ಪ ತಡೆಯಿರಿ ಎಂದೆ. ಸೆಪ್ಟೆಂಬರ್ 2ಕ್ಕೆ ಅವರ ನೋಟಿಸ್ ಬಂತು. ನೀವು ಗಡುವು ತಪ್ಪಿಸಿದ್ದೀರಿ, ಆರ್ಡರ್ ರದ್ದು.

ಮೊದಲು ಮಾತು ತಪ್ಪಿದವರು ಅವರೇ, ಅಲ್ವಾ? ನಮ್ಮ ಲಾಯರ್ ಮೇಡಂ ಹತ್ತಿರ ಇದನ್ನೇ ಹೇಳಿದೆ. ಅವರು ನನ್ನ ಮೇಲ್ ಓದಿ, “ಅದಕ್ಕಾಗಿ ಒಪ್ಪಂದ ಮುಗಿಸುವ ಹಕ್ಕನ್ನು ನೀವೇ ಬಿಟ್ಟುಕೊಟ್ಟಿದ್ದೀರಿ” ಎಂದರು.

ಗಡುವು ಬರುವ ಮುಂಚೆಯೇ ಒಬ್ಬರು ‘ನಾನು ಮಾಡುವುದಿಲ್ಲ’ ಎಂದು ಖಚಿತವಾಗಿ ಹೇಳುವುದಕ್ಕೆ ಆಂಟಿಸಿಪೇಟರಿ ಬ್ರೀಚ್ ಎನ್ನುತ್ತಾರೆ. ಆದರೆ ಅಷ್ಟಕ್ಕೇ ಒಪ್ಪಂದ ಮುಗಿಯುವುದಿಲ್ಲ. ಮುಗಿಸಬೇಕೋ ಉಳಿಸಬೇಕೋ ಎನ್ನುವುದು ಇನ್ನೊಬ್ಬರ ಆಯ್ಕೆ. ಮುಗಿಸಿದರೆ ನಮ್ಮ ಮುಂದಿನ ಹೊಣೆಗಳೂ ಮುಗಿಯುತ್ತವೆ, ನಷ್ಟಕ್ಕೆ ಆಗಲೇ ಕೇಸ್ ಹಾಕಬಹುದು. ಇಂಗ್ಲೆಂಡಿನಲ್ಲಿ 1853ರಲ್ಲಿ ತೀರ್ಪಾದ ಹಾಕ್‌ಸ್ಟರ್ ಪ್ರಕರಣದಿಂದ ಈ ನಿಯಮ ನೆಲೆಯಾಯಿತು. ಜೂನ್ 1ರಿಂದ ಪ್ರವಾಸದ ಕೆಲಸಕ್ಕೆ ಬರಬೇಕಿದ್ದವನಿಗೆ ಮೇ ತಿಂಗಳಲ್ಲೇ ‘ನೀನು ಬೇಡ’ ಎಂದಿದ್ದರು. ಅವನು ಜೂನ್ ಬರುವ ತನಕ ಕಾಯದೆ ಕೇಸ್ ಹಾಕಿ ಗೆದ್ದ.

ಉಳಿಸಿದರೆ ಒಪ್ಪಂದ ಇಬ್ಬರಿಗೂ ಉಳಿಯುತ್ತದೆ. ನನಗೆ ಗೊತ್ತಿರದಿದ್ದದ್ದು ಈ ‘ಇಬ್ಬರಿಗೂ’ ಎನ್ನುವ ಮಾತು. ಮೇಡಂ ‘ಸಿಮೋನಾ’ ಎಂಬ ಹಡಗಿನ ಪ್ರಕರಣ ಹೇಳಿದರು. 1982ರ ಜುಲೈನಲ್ಲಿ ಅದು ಡರ್ಬನ್‌ನಲ್ಲಿ ಸರಕು ತುಂಬಬೇಕಿತ್ತು. 9ನೇ ತಾರೀಖಿನೊಳಗೆ ಹಡಗು ಸಿದ್ಧವಿರದಿದ್ದರೆ ಬಾಡಿಗೆಗೆ ಪಡೆದವರು ಒಪ್ಪಂದ ರದ್ದು ಮಾಡಬಹುದಿತ್ತು. ಅವರು ಆ ದಿನ ಬರುವ ಮುಂಚೆಯೇ ರದ್ದು ಎಂದರು. ಅದು ತಪ್ಪು. ಆದರೆ ಹಡಗಿನವರು ಅದನ್ನು ಒಪ್ಪದೆ ಒಪ್ಪಂದ ಉಳಿಸಿಕೊಂಡರು. ಗಡುವಿನೊಳಗೆ ಅವರ ಹಡಗೇ ಸಿದ್ಧವಾಗಲಿಲ್ಲ. ಬಾಡಿಗೆಯವರು ಮತ್ತೆ ರದ್ದು ಮಾಡಿದರು, ಈ ಸಲ ಅದು ಸರಿಯಾಗಿತ್ತು. 1988ರಲ್ಲಿ, ಆಗ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹಡಗಿನವರ ವಿರುದ್ಧ ತೀರ್ಪು ಕೊಟ್ಟಿತು.

ನನ್ನ ಆಗಸ್ಟ್ 6ರ ಮೇಲ್ ಮಾಡಿದ್ದೂ ಇದನ್ನೇ. ಒಪ್ಪಂದ ಜಾರಿಯಲ್ಲಿದೆ ಎಂದ ಮೇಲೆ ಆಗಸ್ಟ್ 31ರ ಗಡುವೂ ಜಾರಿಯಲ್ಲಿತ್ತು. ‘ಲೆಟರ್ ಆಫ್ ಕ್ರೆಡಿಟ್ ಬೇಕಿಲ್ಲ’ ಎಂದು ಅವರು ಹೇಳಿ, ಅದನ್ನು ನಂಬಿ ನಾವು ಸುಮ್ಮನಿದ್ದರೆ ವಾದಕ್ಕೆ ಜಾಗ ಇರುತ್ತಿತ್ತು. ಅವರು ಹಾಗೆ ಹೇಳಿರಲಿಲ್ಲ. ಕೊನೆಗೆ ಬೇರೆ ಕಡೆ ಶೇ. 15 ಜಾಸ್ತಿ ಕೊಟ್ಟು ಮೆಷಿನ್ ತಂದೆವು, ಆ ವ್ಯತ್ಯಾಸ ನಮ್ಮ ತಲೆಗೇ ಬಂತು. ಆಗಸ್ಟ್ 6ಕ್ಕೇ ಒಪ್ಪಂದ ಮುಗಿಸಿ ಅದೇ ರೇಟಿಗೆ ತಂದಿದ್ದರೆ, ಆ ಶೇ. 15 ಅನ್ನು ಅವರಿಂದ ಕೇಳಬಹುದಿತ್ತು. ಸುಮ್ನೆ ಕೂರುವಂತಿಲ್ಲ, ನಿಜ. ನಷ್ಟ ಕಡಿಮೆ ಮಾಡಲು ಬೇಗ ಬೇರೆ ಕಡೆ ಹುಡುಕಬೇಕು. ಆದರೆ ಅದನ್ನು ಹೇಗೂ ಮಾಡುತ್ತಿದ್ದೆವು.

ಇನ್ನೊಂದು ಮಾತು ಮೇಡಂ ಹೇಳಿದಾಗ ಹೊಟ್ಟೆ ಉರಿಯಿತು. ಅವರ ನಿರಾಕರಣೆ ಆಗಸ್ಟ್ ಪೂರ್ತಿ ಹಾಗೇ ಇತ್ತಲ್ಲ, 6ನೇ ತಾರೀಖು ಉಳಿಸುತ್ತೇವೆ ಎಂದಿದ್ದರೂ 25ಕ್ಕೆ ಮನಸ್ಸು ಬದಲಿಸಿ ಮುಗಿಸಬಹುದಿತ್ತಂತೆ. ನಾವು ಎರಡೂ ಮಾಡಲಿಲ್ಲ. ಮುಗಿಸಲೂ ಇಲ್ಲ, ನಮ್ಮ ಪಾಲಿನ ಕೆಲಸ ಮಾಡಲೂ ಇಲ್ಲ.

ಹಾಗಂತ ಪ್ರತಿ ಗೊಣಗಾಟಕ್ಕೂ ಒಪ್ಪಂದ ಮುಗಿಸಲು ಹೋಗಬಾರದು. ‘ಈ ರೇಟಿಗೆ ಕಷ್ಟ ಆಗ್ತಿದೆ, ಸ್ವಲ್ಪ ನೋಡಿ’ ಎನ್ನುವುದು ನಿರಾಕರಣೆ ಅಲ್ಲ. ಅದನ್ನೇ ಹಿಡಿದು ರದ್ದು ಮಾಡಿದರೆ ಒಪ್ಪಂದ ಮುರಿದವರು ನಾವೇ ಆಗುತ್ತೇವೆ. ಅದಕ್ಕೇ ಈಗ ಇಂಥ ಮೇಲ್ ಬಂದರೆ ನಾನು ಅದೇ ದಿನ ಬರೆಯುವುದು ಇಷ್ಟು: ನಿಮ್ಮ ಮೇಲ್ ತಲುಪಿದೆ, ನಮ್ಮ ಎಲ್ಲ ಹಕ್ಕುಗಳನ್ನೂ ಉಳಿಸಿಕೊಂಡಿದ್ದೇವೆ, ಒಪ್ಪಂದದಂತೆ ಮಾಲು ಕಳಿಸುತ್ತೀರೋ ಇಲ್ಲವೋ ಐದು ದಿನದೊಳಗೆ ಬರೆದು ತಿಳಿಸಿ. ‘ಒಪ್ಪಂದ ಜಾರಿಯಲ್ಲಿದೆ’ ಎಂದು ಬರೆಯುವುದಿಲ್ಲ. ಆಮೇಲೆ ಒಪ್ಪಂದ ತೆಗೆದು, ನಮ್ಮ ಕಡೆಯಿಂದ ಮುಂದಿನ ಗಡುವು ಯಾವ ತಾರೀಖಿಗೆ ಇದೆ ಎಂದು ನೋಡುತ್ತೇನೆ. ಮುಗಿಸುವ ನಿರ್ಧಾರ ಆ ತಾರೀಖಿಗೆ ಮುಂಚೆ ಆಗದಿದ್ದರೆ, ದುಡ್ಡು ಕಟ್ಟಿಸುತ್ತೇನೆ.