ಕೊಳೆರೋಗದ ಪ್ರಬಂಧಕ್ಕೆ ಟೈಟಲ್ ಹುಡುಕಿದ ದಿನ

ನಾನು ಕೃಷಿ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಸಂಶೋಧನಾ ಪ್ರಬಂಧ ಜರ್ನಲ್‌ಗೆ ಹೋಗುವ ಮುಂಚೆ ಕೆಲವರು ನನ್ನ ಮೇಜಿನ ಹತ್ತಿರ ಬರುತ್ತಾರೆ. ರೆಫರೆನ್ಸ್ ಸರಿ ಇದೆಯಾ ನೋಡಿ ಅನ್ನುವವರೇ ಜಾಸ್ತಿ. ಕಳೆದ ಮಳೆಗಾಲದಲ್ಲಿ ಬಂದ ಪಿಎಚ್‌ಡಿ ಹುಡುಗಿ ಮಾತ್ರ, "ಮೇಡಂ, ಟೈಟಲ್ ಒಮ್ಮೆ ನೋಡಿ. ಸಂಜೆಯೊಳಗೆ ಸಬ್ಮಿಟ್ ಮಾಡಬೇಕು" ಅಂದಳು. ಶಿರಸಿ ಕಡೆಯವಳು. ಅಡಿಕೆ ಕೊಳೆರೋಗದ ಮೇಲೆ ಅವಳ ಕೆಲಸ. ಅಡಿಕೆ ಗೊನೆಗಳಿಗೆ ಪಾಲಿಥೀನ್ ಕೊಟ್ಟೆ ಕಟ್ಟಿದರೆ ಒಳ್ಳೆಯದೋ, ಬೋರ್ಡೋ ದ್ರಾವಣ ಹೊಡೆದರೆ ಒಳ್ಳೆಯದೋ ಎಂದು ತೋಟದಲ್ಲೇ ಹೋಲಿಸಿ ನೋಡಿದ್ದಳು. ಟೈಟಲ್ ಹೀಗಿತ್ತು:

```
Studies on an Age-Old Malady of the Malnad's Gold
```

ಓದೋಕೆ ಚೆನ್ನಾಗಿದೆ. ಆದರೆ ಇದರಲ್ಲಿ ಅಡಿಕೆ ಇಲ್ಲ, ಕೊಳೆರೋಗ ಇಲ್ಲ, ಬೋರ್ಡೋ ಇಲ್ಲ, ಕೊಟ್ಟೆಯೂ ಇಲ್ಲ. "ಮಲೆನಾಡಿನ ಚಿನ್ನ" ಅಂತ ಟೈಪ್ ಮಾಡಿ ಯಾರು ರೋಗದ ಬಗ್ಗೆ ಹುಡುಕುತ್ತಾರೆ? "ಸ್ಟಡೀಸ್ ಆನ್" ಅನ್ನುವುದು ಗೈಡ್ ಸರ್ ಸೇರಿಸಿದ್ದಂತೆ. ನಮ್ಮ ಕೃಷಿ ವಿವಿಗಳಲ್ಲಿ ಅದೊಂದು ಹಳೆ ಚಾಳಿ. ಟೈಟಲ್‌ನ ಮೊದಲ ಜಾಗ ಬಹಳ ಬೆಲೆಬಾಳುವ ಜಾಗ. ಅಲ್ಲಿ ಯಾರೂ ಹುಡುಕದ ಎರಡು ಪದ ಕೂರಿಸುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಟೈಟಲ್ ಬಿಟ್ಟು ಮೊದಲು ಅಬ್‌ಸ್ಟ್ರಾಕ್ಟ್ ತೆಗೆಸಿದೆ. ಇದಕ್ಕೆ ಕಾರಣ ಇದೆ. ಗೂಗಲ್ ಸ್ಕಾಲರ್ ಪ್ರಬಂಧದ ಪಿಡಿಎಫ್ ಕೈಗೆ ಸಿಕ್ಕಿದರೆ ಒಳಗಿನ ಪಠ್ಯವನ್ನೂ ಓದುತ್ತದೆ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಪ್ರಬಂಧಗಳ ಸೂಚಿಗಳು ಹಾಗಲ್ಲ. ಅಲ್ಲಿ ಸಾಮಾನ್ಯವಾಗಿ ವಿಷಯ ಹುಡುಕುವವರಿಗೆ ಸಿಗುವುದು ಟೈಟಲ್, ಅಬ್‌ಸ್ಟ್ರಾಕ್ಟ್, ಕೀವರ್ಡ್, ಈ ಮೂರರಲ್ಲಿರುವ ಪದಗಳು ಮಾತ್ರ. ಒಳಗೆ ಇಪ್ಪತ್ತು ಸಲ ರೋಗಕಾರಕದ ಹೆಸರು ಬರೆದಿದ್ದರೂ ಅಲ್ಲಿ ಲೆಕ್ಕಕ್ಕಿಲ್ಲ. ರೋಗಶಾಸ್ತ್ರದವರು ಸ್ಕೋಪಸ್‌ನಲ್ಲಿ ಹೀಗೆ ಹುಡುಕುತ್ತಾರೆ ಅಂದುಕೊಳ್ಳಿ:

```
TITLE-ABS-KEY ( arecanut AND phytophthora )
```

"ನಿನ್ನ ಅಬ್‌ಸ್ಟ್ರಾಕ್ಟ್‌ನಲ್ಲಿ ಕಂಟ್ರೋಲ್ ಎಫ್ ಒತ್ತಿ ಇವೆರಡು ಪದ ಹುಡುಕು ನೋಡೋಣ" ಅಂದೆ. ಅಡಿಕೆ ಒಂದು ಸಲ ಸಿಕ್ಕಿತು. ಫೈಟೋಫ್ಥೊರಾ, ಅಂದರೆ ರೋಗಕಾರಕದ ಹೆಸರು, ಒಂದೂ ಇಲ್ಲ. ಎಲ್ಲ ಕಡೆ "ಈ ರೋಗಕಾರಕ", "ಸದರಿ ರೋಗ", "ಈ ಬೆಳೆ" ಅಂತಲೇ ಬರೆದಿದ್ದಳು. ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರಲ್ಲ, ಅದು ಇಲ್ಲಿ ಉಲ್ಟಾ ಹೊಡೆಯುತ್ತದೆ.

ಅಬ್‌ಸ್ಟ್ರಾಕ್ಟ್ ಶುರುವಾಗುತ್ತಿದ್ದದ್ದು "ಕೃಷಿ ಭಾರತದ ಬೆನ್ನೆಲುಬು" ಅನ್ನುವ ವಾಕ್ಯದಿಂದ. ಆಮೇಲೆ ಅಡಿಕೆಯ ಆರ್ಥಿಕ ಮಹತ್ವ. ಜರ್ನಲ್ ಕೊಟ್ಟಿದ್ದ ಮಿತಿ 250 ಪದ. ಅದರಲ್ಲಿ ಕಾಲು ಭಾಗ ಪೀಠಿಕೆಗೇ ಹೋಗಿತ್ತು. ಅದನ್ನೆಲ್ಲ ತೆಗೆದೆವು. ನಿಜವಾದ ತೊಂದರೆ ಇದ್ದದ್ದು ಫಲಿತಾಂಶದ ಸಾಲಿನಲ್ಲಿ. "ಟಿ3 ಉಪಚಾರವು ಟಿ2ಕ್ಕಿಂತ ಶ್ರೇಷ್ಠವೆಂದು ಕಂಡುಬಂದಿತು" ಎಂಬ ಅರ್ಥದ ಇಂಗ್ಲಿಷ್ ವಾಕ್ಯ. ಕೃಷಿ ಪ್ರಬಂಧ ಓದಿದವರಿಗೆ ಈ ಟಿ1, ಟಿ2 ಗೊತ್ತೇ ಇರುತ್ತದೆ. ತೋಟದ ಪ್ಲಾಟಿನಲ್ಲಿ ಬೋರ್ಡು ನೆಡೋಕೆ ಅವು ಸರಿ. ಅಬ್‌ಸ್ಟ್ರಾಕ್ಟ್ ಮಾತ್ರ ಓದುವವನಿಗೆ ಟಿ3 ಅಂದರೆ ಏನು? ಹುಡುಕುವ ಯಂತ್ರಕ್ಕಂತೂ ಏನೂ ಅಲ್ಲ. ಟಿ3 ಅಂದರೆ ಮಳೆಗೆ ಮುಂಚೆ ಗೊನೆಗೆ ಪಾಲಿಥೀನ್ ಕಟ್ಟುವುದು. ಟಿ2 ಅಂದರೆ ಶೇ. 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ಹೆಸರುಗಳನ್ನೇ ಪೂರ್ತಿ ಬರೆಸಿದೆ. "ಬಿಎಂ" ಅಂತ ಕಿರಿದು ಮಾಡಿದ್ದ ಕಡೆಯಲ್ಲೆಲ್ಲ ಬೋರ್ಡೋ ಮಿಕ್ಸ್ಚರ್ ಅಂತ ಬಿಡಿಸಿ ಬರೆದಳು. ಎಷ್ಟು ಶೇಕಡಾ ಕಾಯಿ ಉದುರುವುದು ತಪ್ಪಿತು ಅನ್ನುವ ಅಂಕಿಯನ್ನು ಒಳಗಿನ ಟೇಬಲ್‌ನಿಂದ ಮೇಲೆ ತಂದಳು. ಜಿಲ್ಲೆಯ ಹೆಸರೂ ಬಂತು.

ಆಮೇಲೆ ಅವಳಿಗೆ ಹುರುಪು ಬಂದು ಅಡಿಕೆ, ಕೊಳೆರೋಗ ಎರಡನ್ನೂ ಪ್ರತಿ ಸಾಲಿಗೂ ತುರುಕತೊಡಗಿದಳು. "ಸಾಕು ಮಾರಾಯ್ತಿ" ಅಂದೆ. ಮುಖ್ಯ ಪದ ಸಹಜವಾಗಿ ಎರಡು ಮೂರು ಸಲ ಬಂದರೆ ಆಯಿತು. ಆಮೇಲಿನದ್ದು ಓದುಗನಿಗೆ ಕಿರಿಕಿರಿ, ಸಂಪಾದಕರಿಗೆ ಅನುಮಾನ.

ಈಗ ಟೈಟಲ್. ಅರ್ಧ ಗಂಟೆ ಎಳೆದಾಡಿ ಇಲ್ಲಿಗೆ ಬಂದೆವು:

```
Koleroga fruit rot of arecanut: polythene bunch covering compared with Bordeaux mixture spray
```

ರೋಗ, ಬೆಳೆ, ಎರಡು ಉಪಾಯ. ಮುಖ್ಯವಾದದ್ದು ಮುಂದೆ ಇದೆ. ಪರದೆಯಲ್ಲಿ ಟೈಟಲ್ ಅರ್ಧಕ್ಕೆ ಕತ್ತರಿಸಿದರೂ ವಿಷಯ ತಿಳಿಯುತ್ತದೆ. ಕೊಳೆರೋಗ ಅನ್ನುವ ನಮ್ಮ ಪದ ಇಂಗ್ಲಿಷ್ ಟೈಟಲ್‌ನಲ್ಲಿ ಇರಬಹುದಾ ಎಂದು ಅವಳಿಗೆ ಹಿಂಜರಿಕೆ. ಧಾರಾಳವಾಗಿ ಇರಬಹುದು. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಈ ರೋಗದ ಬಗ್ಗೆ ಬರೆದಾಗಲೇ ಅದನ್ನು ಬಳಸಿದ್ದರು. ಆದರೆ ಒಂದು ತೊಡಕಿದೆ. ಕಾಫಿಗೆ ಬರುವ ಕಪ್ಪು ಕೊಳೆರೋಗದ ಶಿಲೀಂಧ್ರಕ್ಕೂ 1876ರಲ್ಲೇ ವಿಜ್ಞಾನಿಗಳು ಇದೇ ಹೆಸರು ಅಂಟಿಸಿದ್ದಾರೆ. ಹಾಗಾಗಿ ಬರೀ ಕೊಳೆರೋಗ ಎಂದು ಹಾಕಿದರೆ ಕಾಫಿ, ಅಡಿಕೆ ಎರಡೂ ಕಲಸಿ ಬರುತ್ತವೆ. ಪಕ್ಕದಲ್ಲೇ "ಫ್ರೂಟ್ ರಾಟ್" ಸೇರಿಸಿದ್ದು ಅದಕ್ಕೇ.

ಕೀವರ್ಡ್ ಪಟ್ಟಿಯಲ್ಲಿ ಅವಳು ಟೈಟಲ್‌ನ ಪದಗಳನ್ನೇ ಮತ್ತೆ ಬರೆದಿದ್ದಳು. ಎಲ್ಲರೂ ಮಾಡುವುದು ಅದನ್ನೇ. ಅಲ್ಲಿ ಈಗಾಗಲೇ ಇರುವ ಪದ ಇಲ್ಲೂ ಇದ್ದರೆ ಹೊಸದಾಗಿ ಯಾರೂ ಸಿಗುವುದಿಲ್ಲ. ಅದೇ ವಿಷಯವನ್ನು ಬೇರೆ ಹೆಸರಿನಲ್ಲಿ ಹುಡುಕುವವರಿಗಾಗಿ ಇರುವ ಜಾಗ ಅದು. ದಕ್ಷಿಣ ಕನ್ನಡದಲ್ಲಿ ಇದೇ ರೋಗಕ್ಕೆ ಮಹಾಳಿ ಅನ್ನುತ್ತಾರೆ, ಇಂಗ್ಲಿಷ್ ಪ್ರಬಂಧಗಳಲ್ಲೂ ಆ ಹೆಸರು ಬರುತ್ತದೆ. ಅಡಿಕೆಯನ್ನು ನಮ್ಮ ಕೃಷಿ ವಿಜ್ಞಾನಿಗಳು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಬರೆಯುತ್ತಾರೆ. ಹೊರಗಿನವರು ಎರಡಾಗಿ ಒಡೆಯುತ್ತಾರೆ. ಒಂದನ್ನು ಹುಡುಕಿದರೆ ಇನ್ನೊಂದು ತಾನಾಗಿ ಬರುತ್ತದೆ ಎಂದು ನಂಬುವ ಹಾಗಿಲ್ಲ. ಕೊನೆಗೆ ಉಳಿದದ್ದು ಇಷ್ಟು:

```
areca nut; Areca catechu; mahali disease; Phytophthora meadii; copper fungicide
```

"ಬೀಟಲ್ ನಟ್ ಯಾಕೆ ಬೇಡ ಮೇಡಂ? ಜಾಸ್ತಿ ಜನ ಅದನ್ನೇ ಹುಡುಕ್ತಾರೆ" ಅಂದಳು. ನಿಜ. ಆದರೆ ಹುಡುಕುವವರು ಯಾರು? ಬಾಯಿ ಕ್ಯಾನ್ಸರ್ ಬಗ್ಗೆ ಕೆಲಸ ಮಾಡುವ ವೈದ್ಯರೇ ಬಹಳ. ಪಬ್‌ಮೆಡ್‌ನಲ್ಲಿ ಆ ಪದ ಹಾಕಿ ತೋರಿಸಿದೆ. ಪುಟದ ತುಂಬ ಬಾಯಿಯ ರೋಗ. ಆ ಗುಂಪಿನೊಳಗೆ ಕೊಟ್ಟೆ ಕಟ್ಟುವ ಪ್ರಬಂಧ ಹೋಗಿ ಕೂತರೆ ಅವರಿಗೂ ಉಪಯೋಗವಿಲ್ಲ, ನಮಗೂ ಇಲ್ಲ. ಎರಡು ಪದಗಳ ಅರೆಕಾ ನಟ್‌ಗೂ ಈ ದೋಷ ಸ್ವಲ್ಪ ಇದೆ. ಆದರೆ ಬೆಳೆ ವಿಜ್ಞಾನದವರೂ ಹಾಗೆ ಬರೆಯುವುದರಿಂದ ಅದನ್ನು ಬಿಡಲಾಗಲಿಲ್ಲ. ಫೈಟೋಫ್ಥೊರಾ ಅರೆಕೇ ಅನ್ನುವ ಹಳೆ ಹೆಸರನ್ನೂ ಸೇರಿಸೋಣವಾ ಎಂದು ಕೇಳಿದಳು. ಅವಳು ಲ್ಯಾಬಿನಲ್ಲಿ ಗುರುತಿಸಿದ್ದು ಮೀಡಿಯೈ. ತಾನು ನೋಡದ ಜೀವಿಯ ಹೆಸರನ್ನು ಕೀವರ್ಡ್‌ನಲ್ಲಿ ಹಾಕುವುದು ಬೇಡ, ಪೀಠಿಕೆಯಲ್ಲಿ ಚರಿತ್ರೆಯಾಗಿ ಬರಲಿ ಅಂದೆ.

ಅಷ್ಟರಲ್ಲಿ ಗೈಡ್ ಸರ್ ಫೋನ್. "ಟೈಟಲ್ ತುಂಬಾ ಒಣಗಿದ ಹಾಗಿದೆಯಲ್ಲ ಮೇಡಂ" ಅಂದರು. ನಾನು ಅವರದೇ ಹಳೆಯ ಒಂದು ಪ್ರಬಂಧದ ವಿಷಯ ಎತ್ತಿದೆ. ಬೆಳೆಯ ಹೆಸರು, ರೋಗದ ಹೆಸರು ಹಾಕಿ ಸ್ಕಾಲರ್‌ನಲ್ಲಿ ಹುಡುಕಿ ನೋಡಿ ಸರ್ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಕೀಬೋರ್ಡ್ ಸದ್ದು. "ಆಯ್ತು, ಹಾಗೇ ಕಳಿಸಿ" ಅಂದರು.

ಸಬ್ಮಿಟ್ ಮಾಡುವ ಫಾರ್ಮ್ ಬಗ್ಗೆ ಒಂದು ಮಾತು ಹೇಳಲೇಬೇಕು. ಇದನ್ನು ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ. ನಮ್ಮ ಕಡೆಯ ಎಷ್ಟೋ ಜರ್ನಲ್‌ಗಳು ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತವೆ. ಅಲ್ಲಿ ನಾವು ಫಾರ್ಮ್‌ನಲ್ಲಿ ತುಂಬಿದ್ದೇ ಮುಂದೆ ಪ್ರಬಂಧದ ವೆಬ್ ಪುಟದೊಳಗೆ ಕಣ್ಣಿಗೆ ಕಾಣದ ಟ್ಯಾಗ್ ಆಗುತ್ತದೆ. ಸ್ಕಾಲರ್ ಓದುವುದು ಅದನ್ನು:

```html
<meta name="citation_title" content="Koleroga fruit rot of arecanut: ...">
```

ಅಂದರೆ ವರ್ಡ್ ಫೈಲಿನಲ್ಲಿ ಟೈಟಲ್ ಎಷ್ಟೇ ಚೆನ್ನಾಗಿದ್ದರೂ ಫಾರ್ಮ್‌ನಲ್ಲಿ ಹಳೆಯದು ಉಳಿದಿದ್ದರೆ ಹಳೆಯದೇ ಜಗತ್ತಿಗೆ ಹೋಗುತ್ತದೆ. ಅವಳ ಫಾರ್ಮ್‌ನಲ್ಲಿ ಆಗಿದ್ದೂ ಅದೇ. ಹಿಂದಿನ ವಾರ ಅರ್ಧ ತುಂಬಿಟ್ಟಿದ್ದಳು, "ಮಲೆನಾಡಿನ ಚಿನ್ನ" ಅಲ್ಲೇ ಹೊಳೆಯುತ್ತಿತ್ತು. ಬದಲಾಯಿಸಿದೆವು. ಕೀವರ್ಡ್‌ಗಳನ್ನು ಒಂದೊಂದಾಗಿ ಟೈಪ್ ಮಾಡಿ ಎಂಟರ್ ಒತ್ತಿಸಿದೆ. ಇಡೀ ಸಾಲನ್ನು ಒಟ್ಟಿಗೆ ಪೇಸ್ಟ್ ಮಾಡಿ, ಐದು ಪದ ಸೇರಿ ಒಂದೇ ಉದ್ದದ ಕೀವರ್ಡ್ ಆಗಿ ಕೂತಿದ್ದನ್ನು ಬೇರೆಯವರದರಲ್ಲಿ ನೋಡಿದ್ದೇನೆ.

ಜರ್ನಲ್‌ನವರು ಕನ್ನಡದಲ್ಲೂ ಒಂದು ಸಾರಾಂಶ ಕೇಳಿದ್ದರು. ಅದನ್ನು ಅವಳು ನುಡಿ ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿಸಿಕೊಂಡು ಬಂದಿದ್ದಳು. ಕಣ್ಣಿಗೆ ಅಚ್ಚುಕಟ್ಟು. ಪಿಡಿಎಫ್ ಮಾಡಿ, ಒಂದು ಪದವನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿದೆವು. "ಕನ್ನಡ" ಅನ್ನುವುದು ಹೀಗೆ ಬಂತು:

```
PÀ£ÀßqÀ
```

ಹುಡುಕುವ ಯಂತ್ರಕ್ಕೆ ಕಾಣುವುದೂ ಇದೇ. ಹಳೆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪ ಬರೆದಿರುತ್ತಾರೆ, ಒಳಗೆ ಕನ್ನಡ ಇರುವುದೇ ಇಲ್ಲ. ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ತಪ್ಪಿದ ಕಡೆ ಕೈಯಲ್ಲಿ ತಿದ್ದಿದೆವು. ಇಂಥ ಪಿಡಿಎಫ್‌ಗಳಲ್ಲಿ ಸಿಕ್ಕಿಕೊಂಡಿರುವ ಕನ್ನಡದ ಒಳ್ಳೊಳ್ಳೆ ಬರಹಗಳನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸಿದವುಗಳದ್ದೂ ಅದೇ ಕಥೆ.

ಪ್ರೂಫ್ ಬಂದಾಗ ಅವಳು ಮತ್ತೆ ಬಂದಳು. ಬೋರ್ಡೋ ಪದದ ಸ್ಪೆಲ್ಲಿಂಗ್‌ನಲ್ಲಿ ಜರ್ನಲ್‌ನವರು ಎರಡು ಅಕ್ಷರ ಅದಲುಬದಲು ಮಾಡಿದ್ದರು. ಅವತ್ತೇ ಮೇಲ್ ಮಾಡಿಸಿದೆ. ಸ್ಕಾಲರ್‌ಗೆ ಹೊಸ ಪ್ರಬಂಧ ಬೇಗ ಸೇರಿದರೂ, ಒಮ್ಮೆ ಸೇರಿದ ವಿವರ ತಿದ್ದುಪಡಿಯಾಗಲು 6ರಿಂದ 9 ತಿಂಗಳು, ಕೆಲವೊಮ್ಮೆ ವರ್ಷವೂ ಹಿಡಿಯುತ್ತದೆ. ಪ್ರಕಟವಾದ ಮೇಲೆ ಅವಳೇ ಪರೀಕ್ಷೆ ಮಾಡಿದಳು. ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ, ಸೋರ್ಸ್ ತೆಗೆದು, ಟ್ಯಾಗ್ ಸರಿ ಇದೆಯಾ ನೋಡಿದಳು. ಆಮೇಲೆ ಪೂರ್ತಿ ಟೈಟಲ್ ಅನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಸ್ಕಾಲರ್‌ನಲ್ಲಿ ಹುಡುಕಿದಳು. ಬಂತು. ಮಹಾಳಿ ಮತ್ತು ಪಾಲಿಥೀನ್ ಎರಡನ್ನೂ ಹಾಕಿದರೂ ಮೊದಲ ಪುಟದಲ್ಲೇ ಬಂತು.

"ಬರೀ ಕೊಳೆರೋಗ ಹಾಕಿದ್ರೆ ಮಾತ್ರ ಎಲ್ಲೋ ಕೆಳಗಿದೆ ಮೇಡಂ. ಮೇಲೆಲ್ಲ ಹಳೆಯವು, ಕಾಫಿಯವು" ಅಂದಳು. ಅದಕ್ಕೆ ನಮ್ಮ ಹತ್ತಿರ ಮದ್ದಿಲ್ಲ. ಸ್ಕಾಲರ್ ಸಾಲು ಹಚ್ಚುವಾಗ ಉಲ್ಲೇಖಗಳ ಲೆಕ್ಕವನ್ನೂ ನೋಡುತ್ತದೆ. ಹಳೆಯ ಪ್ರಬಂಧಗಳಿಗೆ ಉಲ್ಲೇಖ ಜಾಸ್ತಿ, ಹೊಸದು ಕಾಯಬೇಕು.