ಕಾರ್ಬನ್ ಪಾಠದ ಕಿರುಪರೀಕ್ಷೆ: ಆರನೆಯ ಪ್ರಶ್ನೆ ತಿದ್ದಿದ ಬಗೆ

ಜನವರಿ 5

ಹತ್ತನೆಯ ತರಗತಿಯ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಪಾಠಕ್ಕೆ 25 ಅಂಕಗಳ ಕಿರುಪರೀಕ್ಷೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಪ್ರಯೋಗವನ್ನು ವಿವರಿಸುವ ಯಾವ ಪ್ರಶ್ನೆಯನ್ನೂ ಸ್ವತಃ ಮಾಡಿ ನೋಡದೆ ಅಚ್ಚಿಗೆ ಕೊಡಬಾರದೆಂಬ ಕಟ್ಟಳೆಯನ್ನು ಈ ಸಲ ನನಗೆ ನಾನೇ ಹಾಕಿಕೊಂಡಿದ್ದೇನೆ. ಆರನೆಯ ಪ್ರಶ್ನೆಯ ಕರಡು ಹೀಗಿತ್ತು: ‘ಕ ಎಂಬ ಆಮ್ಲವನ್ನು ಎಥನಾಲ್ ಮತ್ತು ಕೆಲವು ಹನಿ ಪ್ರಬಲ ಸಲ್ಫ್ಯೂರಿಕ್ ಆಮ್ಲದೊಂದಿಗೆ ಬಿಸಿ ಮಾಡಿದಾಗ ಸುವಾಸನೆಯುಳ್ಳ ಖ ಉಂಟಾಗುತ್ತದೆ. ಮಿಶ್ರಣವನ್ನು ನೀರಿಗೆ ಸುರಿದರೆ ಖ ಮೇಲೆ ಪದರವಾಗಿ ತೇಲುತ್ತದೆ. ಖ ಅನ್ನು ಸೋಡಿಯಂ ಹೈಡ್ರಾಕ್ಸೈಡ್‌ನೊಂದಿಗೆ ಕಾಯಿಸಿದರೆ ಕ ಮರಳಿ ದೊರೆಯುತ್ತದೆ. ಕ ಮತ್ತು ಖ ಯಾವುವು?’ ಓದಲು ಚೆನ್ನಾಗಿಯೇ ಇತ್ತು. ಇದರಲ್ಲಿ ಎರಡು ತಪ್ಪುಗಳಿವೆ ಎಂಬುದು ಮುಂದಿನ ಹತ್ತು ದಿನಗಳಲ್ಲಿ ತಿಳಿಯಿತು.

ಮೊದಲ ದಿನ ಕೆಲಸ ಆರಂಭವಾಗಲೇ ಇಲ್ಲ. ಬೆಳಗಾವಿಯ ಈ ಚಳಿಗೆ ಕಪಾಟಿನಲ್ಲಿದ್ದ ಶುದ್ಧ ಎಥನೋಯಿಕ್ ಆಮ್ಲ ರಾತ್ರಿಯೇ ಹೆಪ್ಪುಗಟ್ಟಿ, ಬಾಟಲಿಯನ್ನು ಬುಡಮೇಲು ಮಾಡಿದರೂ ಅಲುಗದಷ್ಟು ಗಟ್ಟಿಯಾಗಿತ್ತು. ಅದರ ದ್ರವನಬಿಂದು ಸುಮಾರು 290 ಕೆಲ್ವಿನ್, ಅಂದರೆ 17 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ‘ಗ್ಲೇಸಿಯಲ್’ ಎಂಬ ಹೆಸರು ಬಂದದ್ದೂ ಇದರಿಂದಲೇ. ಮುಚ್ಚಳವನ್ನು ಸ್ವಲ್ಪ ಸಡಿಲಿಸಿ, ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ ಕರಗಿಸಿಕೊಳ್ಳುವಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯಿತು. ಬಾಟಲಿಯನ್ನು ಮಕ್ಕಳಿಗೆ ತೋರಿಸಿ ಒಂದು ಅಂಕದ ಹೊಸ ಪ್ರಶ್ನೆಯನ್ನು ಬರೆದುಕೊಂಡೆ, ಅಷ್ಟೇ ಲಾಭ.

ಜನವರಿ 7

ಪ್ರನಾಳದಲ್ಲಿ 1 ಮಿಲಿಲೀಟರ್ ಎಥನಾಲ್, 1 ಮಿಲಿಲೀಟರ್ ಎಥನೋಯಿಕ್ ಆಮ್ಲ ಮತ್ತು ನಾಲ್ಕು ಹನಿ ಪ್ರಬಲ ಸಲ್ಫ್ಯೂರಿಕ್ ಆಮ್ಲವನ್ನು ಸೇರಿಸಿ, ಬಿಸಿನೀರಿನ ಬೀಕರ್‌ನಲ್ಲಿ ಐದು ನಿಮಿಷ ಇರಿಸಿದೆ. ಎಥನಾಲ್ ಸುಮಾರು 78 ಡಿಗ್ರಿಗೆ ಕುದಿಯುತ್ತದೆ, ಅದರ ಆವಿ ಬೇಗ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಪ್ರನಾಳವನ್ನು ನೇರವಾಗಿ ಜ್ವಾಲೆಯ ಮೇಲೆ ಹಿಡಿಯುವಂತಿಲ್ಲ. ಬಳಿಕ ಮಿಶ್ರಣವನ್ನು 30 ಮಿಲಿಲೀಟರ್ ನೀರಿಗೆ ಸುರಿದೆ. ವಾಸನೆ ಬಂದಿತು, ಆದರೆ ಪದರದ ಸುಳಿವೇ ಇರಲಿಲ್ಲ. ಎರಡನೆಯ ಸಲ ಹತ್ತು ನಿಮಿಷ ಬಿಸಿ ಮಾಡಿದರೂ ಫಲಿತಾಂಶ ಅದೇ.

ಸಂಜೆ ಲೆಕ್ಕ ಹಾಕಿದಾಗ ಕಾರಣ ಹೊಳೆಯಿತು. ನಾವು ತೆಗೆದುಕೊಂಡ ಆಮ್ಲ ಮತ್ತು ಎಥನಾಲ್ ಎರಡೂ ಸುಮಾರು 0.017 ಮೋಲ್‌ಗಳಷ್ಟಿವೆ. ಈ ಕ್ರಿಯೆ ಎರಡೂ ದಿಕ್ಕಿಗೆ ನಡೆಯುವಂಥದ್ದಾದ್ದರಿಂದ ಸಮ ಮೋಲ್‌ಗಳಿಂದ ಹೊರಟರೆ ಸುಮಾರು ಮೂರನೇ ಎರಡು ಭಾಗ ಮಾತ್ರ ಎಸ್ಟರ್ ಆಗಿ ನಿಲ್ಲುತ್ತದೆ. ಹಾಗಾಗಿ ಎಷ್ಟು ಹೊತ್ತು ಕಾಯಿಸಿದರೂ ದೊರೆಯುವ ಎಥಿಲ್ ಎಥನೋಯೇಟ್ ಹೆಚ್ಚೆಂದರೆ 1 ಗ್ರಾಂ.

CH₃COOH + C₂H₅OH ⇌ CH₃COOC₂H₅ + H₂O

ಎಥಿಲ್ ಎಥನೋಯೇಟ್ ನೀರಿನಲ್ಲಿ ಕರಗದ ವಸ್ತುವೇನಲ್ಲ. 100 ಮಿಲಿಲೀಟರ್ ನೀರಿನಲ್ಲಿ ಸುಮಾರು 8 ಗ್ರಾಂ ಕರಗುತ್ತದೆ. ಆ ಲೆಕ್ಕದಲ್ಲಿ ನನ್ನ 30 ಮಿಲಿಲೀಟರ್ ನೀರು ಎರಡು ಗ್ರಾಂಗಿಂತಲೂ ಹೆಚ್ಚು ಎಸ್ಟರನ್ನು ನುಂಗಬಲ್ಲದು. ಹೀಗಿರುವಾಗ ಪದರ ಎಲ್ಲಿಂದ ಬರಬೇಕು?

ಜನವರಿ 8

ನೀರಿನ ಬದಲು 5 ಮಿಲಿಲೀಟರ್ ಸಂತೃಪ್ತ ಉಪ್ಪುನೀರಿಗೆ ಸುರಿದೆ. ಉಪ್ಪುನೀರಿನಲ್ಲಿ ಎಸ್ಟರ್ ಅಷ್ಟಾಗಿ ಕರಗುವುದಿಲ್ಲ. ಒಂದು ನಿಮಿಷ ಅಲುಗಿಸದೆ ಬಿಟ್ಟಾಗ ಪ್ರನಾಳದ ಮೇಲ್ಭಾಗದಲ್ಲಿ ಅರ್ಧ ಬೆರಳಗಲದ ತಿಳಿಯಾದ ಪದರ ನಿಂತಿತು, ಬೆಳಕಿಗೆ ಹಿಡಿದರೆ ಎರಡರ ನಡುವಿನ ಗೆರೆ ಸ್ಪಷ್ಟವಾಗಿ ಕಂಡಿತು. ಉಳಿದಿದ್ದ ಆಮ್ಲದ ವಿನೆಗರ್ ವಾಸನೆ ಎಸ್ಟರಿನ ವಾಸನೆಯನ್ನು ಮರೆಮಾಡುತ್ತಿದ್ದುದರಿಂದ ಸೋಡಿಯಂ ಕಾರ್ಬೊನೇಟ್ ದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ, ನೊರೆಯುಕ್ಕುವುದು ನಿಲ್ಲುವವರೆಗೆ ಹಾಕಿದೆ. ನೋಡುತ್ತಿದ್ದ ಹುಡುಗನೊಬ್ಬ ಈ ಗುಳ್ಳೆಗಳನ್ನು ಎಸ್ಟರೀಕರಣದಲ್ಲಿ ಬರುವ ಅನಿಲವೆಂದು ಬರೆದುಕೊಂಡಿದ್ದ. ಅದು ಕಾರ್ಬನ್ ಡೈಆಕ್ಸೈಡ್, ಆಮ್ಲ ಮತ್ತು ಕಾರ್ಬೊನೇಟ್‌ಗಳ ಕ್ರಿಯೆಯಿಂದ ಬಂದದ್ದು. ಎಸ್ಟರೀಕರಣದಲ್ಲಿ ಯಾವ ಅನಿಲವೂ ಬಿಡುಗಡೆಯಾಗುವುದಿಲ್ಲ.

ವಾಸನೆಯನ್ನು ಕೈಯಿಂದ ಬೀಸಿಕೊಂಡು ನೋಡಿದ ಹುಡುಗಿಯೊಬ್ಬಳು, ‘ಸರ್, ಇದು ಹಣ್ಣಿನ ವಾಸನಿ ಅಲ್ರಿ, ನೇಲ್ ಪಾಲಿಶ್ ತೆಗಿಯೂದರ ವಾಸನಿ ಐತ್ರಿ’ ಎಂದಳು. ಅವಳ ಮೂಗು ಸರಿಯಾಗಿಯೇ ಹೇಳಿತು, ಅಂತಹ ಅನೇಕ ದ್ರವಗಳಲ್ಲಿ ಇರುವುದು ಇದೇ ಎಸ್ಟರ್. ಉತ್ತರಸೂಚಿಯಲ್ಲಿ ‘ಹಣ್ಣಿನ ವಾಸನೆ’ ಎಂದು ಬರೆಯದವರಿಗೆ ಅಂಕ ಕಡಿಯಬಾರದೆಂದು ಗುರುತು ಹಾಕಿಕೊಂಡೆ.

ಜನವರಿ 12

ಈಗ ಸಾಬೂನೀಕರಣ. ಮೇಲಿನ ಪದರದಿಂದ ಡ್ರಾಪರ್‌ನಲ್ಲಿ ಸುಮಾರು ಅರ್ಧ ಮಿಲಿಲೀಟರ್ ಎಸ್ಟರನ್ನು ಎತ್ತಿಕೊಂಡು, ಅದಕ್ಕೆ ಶೇಕಡ 10ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು 5 ಮಿಲಿಲೀಟರ್ ಹಾಕಿ, ಬೆಚ್ಚಗಿನ ನೀರಿನಲ್ಲಿಟ್ಟು ಆಗಾಗ ಅಲುಗಿಸಿದೆ. ಹತ್ತು ನಿಮಿಷಗಳಲ್ಲಿ ಪದರ ಮಾಯವಾಯಿತು, ಅದರೊಂದಿಗೆ ವಾಸನೆಯೂ ಹೋಯಿತು. ಆಮ್ಲದ ಜೊತೆ ಮೂರನೇ ಎರಡಕ್ಕೆ ನಿಂತುಬಿಡುವ ಕ್ರಿಯೆ ಪ್ರತ್ಯಾಮ್ಲದ ಜೊತೆ ಕೊನೆಯವರೆಗೂ ಸಾಗುವುದಕ್ಕೆ ಕಾರಣವಿದೆ: ಇಲ್ಲಿ ಆಮ್ಲವು ಆಮ್ಲವಾಗಿ ಉಳಿಯದೆ ಲವಣವಾಗಿಬಿಡುತ್ತದೆ, ಆ ಲವಣ ಎಥನಾಲ್‌ನೊಂದಿಗೆ ಕೂಡಿ ಮತ್ತೆ ಎಸ್ಟರ್ ಆಗಲಾರದು.

CH₃COOC₂H₅ + NaOH → CH₃COONa + C₂H₅OH

ಸಮೀಕರಣವನ್ನು ಬರೆದು ನೋಡಿದಾಗ ನನ್ನ ಎರಡನೆಯ ತಪ್ಪು ಎದುರಿಗೇ ನಿಂತಿತ್ತು. ಮರಳಿ ದೊರೆಯುವುದು ಎಥನಾಲ್ ಮಾತ್ರ. ಎಥನೋಯಿಕ್ ಆಮ್ಲವಲ್ಲ, ಸೋಡಿಯಂ ಎಥನೋಯೇಟ್. ‘ಕ ಮರಳಿ ದೊರೆಯುತ್ತದೆ’ ಎಂಬ ನನ್ನ ವಾಕ್ಯವನ್ನು ನಂಬಿದ ವಿದ್ಯಾರ್ಥಿ ಸರಿಯಾಗಿ ತರ್ಕಿಸಿದರೆ ಕ ಎಂದರೆ ಆಮ್ಲವೆಂಬ ಮೊದಲ ಸಾಲನ್ನೇ ಅನುಮಾನಿಸಬೇಕಾಗುತ್ತಿತ್ತು.

ಆಮ್ಲ ಲವಣದೊಳಗೆ ಅಡಗಿದೆ ಎಂಬುದನ್ನು ಮಕ್ಕಳಿಗೆ ತೋರಿಸಲು ಅದೇ ಪ್ರನಾಳಕ್ಕೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಹತ್ತು ಹನಿ ಹಾಕಿದೆ. ವಿನೆಗರ್ ವಾಸನೆ ಬರಲಿಲ್ಲ. ಇನ್ನೂ ಹತ್ತು ಹನಿ ಹಾಕಿದರೂ ಇಲ್ಲ. ಹಿಂದಿನ ಬೆಂಚಿನಲ್ಲಿ ನಗು ಕೇಳಿಸಿತು. ಮನೆಗೆ ಬಂದು ಲೆಕ್ಕ ಹಾಕಿದೆ: ಎಸ್ಟರ್ ಇದ್ದದ್ದು ಸುಮಾರು 0.005 ಮೋಲ್, ನಾನು ಹಾಕಿದ ಸೋಡಿಯಂ ಹೈಡ್ರಾಕ್ಸೈಡ್ ಸುಮಾರು 0.0125 ಮೋಲ್. ಉಳಿದ ಪ್ರತ್ಯಾಮ್ಲವೇ ನನ್ನ ಹನಿಗಳನ್ನೆಲ್ಲ ತಿಂದುಹಾಕಿತ್ತು.

ಜನವರಿ 13

ಮತ್ತೆ ಮಾಡಿದೆ. ಈ ಸಲ ಹನಿಗಳನ್ನು ಎಣಿಸದೆ, ನೀಲಿ ಲಿಟ್ಮಸ್ ಕೆಂಪಗಾಗುವವರೆಗೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹಾಕುತ್ತ ಹೋದೆ. 2 ಮೋಲಾರ್ ದ್ರಾವಣ ಏಳು ಮಿಲಿಲೀಟರಿನಷ್ಟು ಬೇಕಾಯಿತು. ಪ್ರನಾಳವನ್ನು ಸ್ವಲ್ಪ ಬೆಚ್ಚಗೆ ಮಾಡಿದೊಡನೆ ವಿನೆಗರ್ ವಾಸನೆ ಮುಂದಿನ ಸಾಲಿನವರೆಗೂ ಹರಡಿತು.

ಮಧ್ಯಾಹ್ನ ಇದೇ ಕ್ರಿಯೆಯನ್ನು ಕುಸುಬಿ ಎಣ್ಣೆಯಲ್ಲಿ ತೋರಿಸಿದೆ. ಎಣ್ಣೆಯೂ ಗ್ಲಿಸರಾಲ್‌ನ ಎಸ್ಟರ್ ತಾನೆ. ಸಾಬೂನು ಬಂದಿತು, ಉಪ್ಪು ಹಾಕಿದಾಗ ಬೇರ್ಪಟ್ಟು ಮೇಲೆ ತೇಲಿತು, ಆದರೆ ಬೆಣ್ಣೆಯಷ್ಟು ಮೆತ್ತಗಿತ್ತು. ಕುಸುಬಿ ಎಣ್ಣೆಯಲ್ಲಿ ಅಪರ್ಯಾಪ್ತ ಕೊಬ್ಬಿನಾಮ್ಲಗಳೇ ಹೆಚ್ಚಾಗಿರುವುದು ಇದಕ್ಕೆ ಕಾರಣ. ಕೆಂಪು ಲಿಟ್ಮಸ್ಸನ್ನು ಕಡುನೀಲಿ ಮಾಡುತ್ತಿದ್ದ ಆ ಸಾಬೂನಿನಲ್ಲಿ ಪ್ರತ್ಯಾಮ್ಲ ಉಳಿದಿರುವ ಸಂಭವವಿದ್ದುದರಿಂದ ಯಾರಿಗೂ ಮುಟ್ಟಲು ಕೊಡಲಿಲ್ಲ.

ಜನವರಿ 16

ತಿದ್ದಿದ ಪ್ರಶ್ನೆಯನ್ನು ಹನ್ನೆರಡು ಮಕ್ಕಳಿಗೆ ಕೊಟ್ಟು ನೋಡಿದೆ. ಮೂವರು ಖ ಎಂದರೆ ಈಥೀನ್ ಎಂದು ಬರೆದರು. ಪ್ರಬಲ ಸಲ್ಫ್ಯೂರಿಕ್ ಆಮ್ಲದ ಹೆಸರು ಕಂಡೊಡನೆ ಅವರಿಗೆ ನಿರ್ಜಲೀಕರಣ ನೆನಪಾಗಿದೆ. ಆ ಕ್ರಿಯೆಗೆ ಹೆಚ್ಚು ಪ್ರಮಾಣದ ಆಮ್ಲ ಮತ್ತು 443 ಕೆಲ್ವಿನ್ ತಾಪ ಬೇಕು. ಬಿಸಿನೀರಿನ ಬೀಕರ್ 373 ಕೆಲ್ವಿನ್ ದಾಟುವುದಿಲ್ಲ, ಆಮ್ಲವೂ ಕೆಲವೇ ಹನಿ. ಆದರೆ ನನ್ನ ಪ್ರಶ್ನೆಯಲ್ಲಿ ಬರಿಯ ‘ಬಿಸಿ ಮಾಡಿದಾಗ’ ಎಂದಿತ್ತು, ಆದ್ದರಿಂದ ಮೂವರನ್ನೂ ದೂರುವಂತಿಲ್ಲ.

ಅಚ್ಚಿಗೆ ಹೋದ ರೂಪ ಇದು: ‘ಕ ಎಂಬ ಆಮ್ಲವನ್ನು ಎಥನಾಲ್ ಮತ್ತು ಕೆಲವು ಹನಿ ಪ್ರಬಲ ಸಲ್ಫ್ಯೂರಿಕ್ ಆಮ್ಲದೊಂದಿಗೆ ಬಿಸಿನೀರಿನ ಬೀಕರ್‌ನಲ್ಲಿ ಐದು ನಿಮಿಷ ಇರಿಸಿ ಸಂತೃಪ್ತ ಉಪ್ಪುನೀರಿಗೆ ಸುರಿದಾಗ, C₄H₈O₂ ಅಣುಸೂತ್ರದ ಖ ಮೇಲೆ ತೇಲುತ್ತದೆ. ಖ ಅನ್ನು ಸೋಡಿಯಂ ಹೈಡ್ರಾಕ್ಸೈಡ್‌ನೊಂದಿಗೆ ಬೆಚ್ಚಗೆ ಮಾಡಿದಾಗ ಎಥನಾಲ್ ಮತ್ತು ಗ ದೊರೆಯುತ್ತವೆ. ಕ, ಖ, ಗ ಗಳನ್ನು ಹೆಸರಿಸಿ. ಗ ದಿಂದ ಕ ಅನ್ನು ಪಡೆಯುವುದು ಹೇಗೆ?’ ಹೆಸರುಗಳಿಗೆ ಮೂರು ಅಂಕ, ಕೊನೆಯದಕ್ಕೆ ಒಂದು.